ಪ್ಯಾಡೋ, ಕಪ್ಪೋ? ಮೊದಲ ಸಲ ಆರಿಸುವವರಿಗೆ



ಬಣಕಲ್ ಕಡೆಯ ತೋಟಗಳಲ್ಲಿ ಕಾಫಿ ಹಣ್ಣು ಕೊಯ್ಯುವಾಗ ಶೌಚಾಲಯ ಹತ್ತಿರ ಇರುವುದಿಲ್ಲ. ಮಳೆಗಾಲದಲ್ಲಂತೂ ತೊಳೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಹಸಿ ಬಟ್ಟೆಯನ್ನೇ ಮತ್ತೆ ಕಟ್ಟಿಕೊಂಡರೆ ತುರಿಕೆ ಶುರುವಾಗುತ್ತದೆ. ಹಾಗಾಗಿ ಈಗ ಅನೇಕರು ಪ್ಯಾಡ್ ಅಥವಾ ಕಪ್ ಕೊಳ್ಳೋಣ ಅಂತ ಯೋಚಿಸುತ್ತಿದ್ದಾರೆ. ಆರಿಸುವುದು ಹೇಗೆ ಎಂದು ಈ ಪಾಠದಲ್ಲಿ ನೋಡೋಣ.

1. ಮೊದಲು ನಮ್ಮ ಸ್ರಾವದ ಅಳತೆ

ಸಾಧಾರಣ ಪ್ಯಾಡ್ ಒಂದು ಪೂರ್ತಿ ನೆನೆದರೆ ಸುಮಾರು ಒಂದು ಟೀ ಚಮಚ, ಅಂದರೆ 5 ಮಿಲಿ ರಕ್ತ ಅಂತ ಅಂದಾಜು ಮಾಡಬಹುದು. ಒಬ್ಬ ಅಕ್ಕನ ಲೆಕ್ಕ ಹಾಕೋಣ. ಎರಡನೇ ದಿನ ಹಗಲು ರಾತ್ರಿ ಸೇರಿ ಅವರಿಗೆ 5 ಪ್ಯಾಡ್ ಪೂರ್ತಿ ನೆನೆಯುತ್ತವೆ. ಅಂದರೆ 25 ಮಿಲಿ. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟು ಸಂಜೆ ಐದಕ್ಕೆ ಬರುತ್ತಾರೆ. ಆ ಒಂಬತ್ತೂವರೆ ಗಂಟೆಯಲ್ಲಿ ಸುಮಾರು 10 ಮಿಲಿ ಹೋಗುತ್ತದೆ. ಪ್ಯಾಡ್ ಆದರೆ ಮಧ್ಯದಲ್ಲಿ ಒಮ್ಮೆಯಾದರೂ ಬದಲಿಸಲೇಬೇಕು. 20 ಮಿಲಿ ಹಿಡಿಯುವ ಕಪ್ ಆದರೆ ಸಂಜೆವರೆಗೆ ಸಾಕು.

ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ನೆನೆದರೆ, ಅಥವಾ 2 ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆ ಬಿದ್ದರೆ, ಅದು ಪ್ಯಾಡ್ ಬದಲಿಸಿ ಸರಿಮಾಡುವ ವಿಷಯವಲ್ಲ. ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಬೇಕು.

2. ಪ್ಯಾಡ್ ಆರಿಸುವಾಗ

ಮೇಲಿನ ಹಾಸು ಎರಡು ಥರ. ಸಣ್ಣ ತೂತಿನ ಬಲೆಯಂಥ ಪ್ಲಾಸ್ಟಿಕ್ ಹಾಸು ಬೇಗ ಒಣಗಿದಂತೆ ಅನಿಸುತ್ತದೆ. ಆದರೆ ಬೆವರಿನಲ್ಲಿ ಏರು ಹತ್ತಿ ಇಳಿಯುವವರಿಗೆ ತೊಡೆಸಂದು ಉಜ್ಜಿ ಕೆಂಪಾಗಬಹುದು. ಹತ್ತಿಯಂಥ ಮೆತ್ತನೆ ಹಾಸು ಚರ್ಮಕ್ಕೆ ಹಿತ, ಆದರೆ ಬೇಗ ಹಸಿ ಅನಿಸುತ್ತದೆ. ಉರಿ ಬರುವವರು ಮೆತ್ತನೆಯದನ್ನೂ, ಸುವಾಸನೆ ಇಲ್ಲದ್ದನ್ನೂ ನೋಡಿ.

ಹೀರುವ ಶಕ್ತಿ ತಿಳಿಯಲು ಸಭೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಎರಡು ಬಗೆಯ ಪ್ಯಾಡ್ ಮೇಲೆ ಎರಡೆರಡು ಟೀ ಚಮಚ ಕುಂಕುಮದ ನೀರು ಹಾಕಿ. ಒಂದು ನಿಮಿಷ ಬಿಟ್ಟು ಬಿಳಿ ಬಟ್ಟೆ ಇಟ್ಟು ಅಂಗೈಯಿಂದ ಒತ್ತಿ. ಯಾವುದರ ಬಟ್ಟೆ ಕಡಿಮೆ ಕೆಂಪಾಯಿತೋ ಅದು ಒಳ್ಳೆಯದು. ರಕ್ತ ನೀರಿಗಿಂತ ಗಟ್ಟಿ. ಹಾಗಾಗಿ ಇದರಿಂದ ಎರಡನ್ನು ಹೋಲಿಸಬಹುದು ಅಷ್ಟೇ, ಎಷ್ಟು ಗಂಟೆ ಬರುತ್ತದೆ ಅಂತ ಗೊತ್ತಾಗುವುದಿಲ್ಲ.

ಸೋರುವುದಕ್ಕೆ ಎಷ್ಟೋ ಸಲ ಸಡಿಲ ಒಳಚಡ್ಡಿಯೇ ಕಾರಣ. ಪ್ಯಾಡ್ ಮಡಚಿಕೊಂಡು ಒಂದು ಕಡೆ ಸರಿಯುತ್ತದೆ. ಬಿಗಿಯಾದ ಒಳಚಡ್ಡಿ ಹಾಕಿ, ರೆಕ್ಕೆ ಇರುವ ಪ್ಯಾಡನ್ನು ಕೆಳಗೆ ಮಡಚಿ ಅಂಟಿಸಿ. ರಾತ್ರಿ ಮಲಗುವಾಗ ಹಿಂದೆ ಉದ್ದ ಇರುವುದನ್ನು ಬಳಸಿ. 4ರಿಂದ 6 ಗಂಟೆಗೆ ಬದಲಿಸಿ, ನೆನೆಯದಿದ್ದರೂ. ಜನೌಷಧಿ ಕೇಂದ್ರಗಳಲ್ಲಿ 2019ರಿಂದ 'ಸುವಿಧಾ' ಪ್ಯಾಡ್ ಒಂದಕ್ಕೆ 1 ರೂಪಾಯಿಯಂತೆ ಮಾರುತ್ತಾರೆ.

3. ಕಪ್ ಆರಿಸುವಾಗ

ಚಾರ್ಮಾಡಿ ಘಾಟಿ ಇಳಿದರೆ ಸಿಗುವ ದಕ್ಷಿಣ ಕನ್ನಡದಲ್ಲೂ ಚಾಮರಾಜನಗರದಲ್ಲೂ 2023ರಲ್ಲಿ ಸರ್ಕಾರ 'ಮೈತ್ರಿ' ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಮುಟ್ಟಿನ ಕಪ್ ಕೊಟ್ಟಿತು. ಇದು ಮೆತ್ತನೆಯ ಗಂಟೆಯಂಥ ಬಟ್ಟಲು. ರಕ್ತವನ್ನು ಹೀರುವುದಿಲ್ಲ, ಒಳಗೇ ಹಿಡಿದಿಡುತ್ತದೆ. ಪೊಟ್ಟಣದ ಮೇಲೆ 'ಮೆಡಿಕಲ್ ಗ್ರೇಡ್ ಸಿಲಿಕೋನ್' ಅಂತ ಬರೆದಿರಬೇಕು.

ಅಳತೆಗೆ ಹೆರಿಗೆ ಆಗಿದೆಯೇ ಅಂತ ಮಾತ್ರ ನೋಡಿದರೆ ಸಾಲದು. ಮುಟ್ಟಿನ ದಿನ ಕೈ ಚೆನ್ನಾಗಿ ತೊಳೆದು ಬೆರಳು ಒಳಗೆ ಹಾಕಿ ನೋಡಿ. ಮೂಗಿನ ತುದಿಯಂತೆ ತಾಗುವುದು ಗರ್ಭಕೋಶದ ಬಾಯಿ. ಬೆರಳಿನ ಮೊದಲ ಗೆಣ್ಣಿಗೇ ಸಿಕ್ಕರೆ ಗಿಡ್ಡ ಕಪ್, ಪೂರ್ತಿ ಬೆರಳು ಹೋದರೂ ಸಿಗದಿದ್ದರೆ ಉದ್ದ ಕಪ್ ಬೇಕು.

ಮೊದಲ ಸಲ ರಜೆಯ ದಿನ, ಮನೆಯಲ್ಲೇ, ಜೊತೆಗೆ ಪ್ಯಾಡ್ ಇಟ್ಟು ಪ್ರಯತ್ನಿಸಿ. ಕಪ್ಪಿಗೇ ಬೇರೆ ಇಟ್ಟ ಪಾತ್ರೆಯಲ್ಲಿ 5 ನಿಮಿಷ ಕುದಿಸಿ, ಆರಿಸಿ, ಮಡಚಿ, ಕುಕ್ಕರುಗಾಲಲ್ಲಿ ಕೂತು, ಬೆನ್ನಿನ ಕಡೆಗೆ ಓರೆಯಾಗಿ ಹಾಕಿ. ಕಪ್ಪಿನ ಸುತ್ತ ಬೆರಳಾಡಿಸಿ. ಮಡಿಕೆ ಸಿಕ್ಕರೆ ಅದು ಬಿಚ್ಚಿಕೊಂಡಿಲ್ಲ, ಸೋರುತ್ತದೆ. ತೆಗೆಯುವಾಗ ಬರೀ ಬಾಲ ಹಿಡಿದು ಎಳೆಯಬೇಡಿ. ಬುಡವನ್ನು ಚಿವುಟಿ ಗಾಳಿ ಬಿಡಿಸಿದರೆ ಸಲೀಸಾಗಿ ಬರುತ್ತದೆ. 12 ಗಂಟೆಗಿಂತ ಹೆಚ್ಚು ಇಡಬಾರದು. ಸರಿಯಾಗಿ ಕೂತರೆ ಒಳಗಿರುವುದೇ ತಿಳಿಯುವುದಿಲ್ಲ. ನೋವು, ಪದೇ ಪದೇ ಮೂತ್ರಕ್ಕೆ ಅವಸರ ಆದರೆ ಕಪ್ ದೊಡ್ಡದಿರಬಹುದು. ರೂಢಿಯಾಗಲು ಎರಡು ಮೂರು ತಿಂಗಳು ಬೇಕು.

ಕಾಪರ್-ಟಿ ಹಾಕಿಸಿಕೊಂಡವರು, ಗರ್ಭಕೋಶ ಜಾರಿದವರು ಡಾಕ್ಟರನ್ನು ಕೇಳದೆ ಕಪ್ ಬಳಸಬಾರದು. ಹೆರಿಗೆಯಾಗಿ ಆರು ವಾರ ಆಗದವರು ಬಳಸಲೇಬಾರದು. ಈಗಷ್ಟೇ ಮುಟ್ಟು ಶುರುವಾದ ಮಗಳಿಗೆ ಪ್ಯಾಡೇ ಸುಲಭ. ಕಪ್ ಬೇಕೋ ಬೇಡವೋ ಅವಳೇ ಮುಂದೆ ನಿರ್ಧರಿಸಲಿ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಹೆಚ್ಚು ಸ್ರಾವದ ದಿನ ಎಷ್ಟು ಪ್ಯಾಡ್ ಪೂರ್ತಿ ನೆನೆಯುತ್ತವೆ?
2. ಕೆಲಸದ ಜಾಗದಲ್ಲಿ ಕೈ ತೊಳೆಯಲು ನೀರು, ಬದಲಿಸಲು ಮರೆ ಇದೆಯೇ?
3. ಇವೆರಡನ್ನೂ ನೋಡಿದರೆ ನಮಗೆ ಯಾವುದು ಸರಿ?