ಒಂದೇ ಹಾಳೆಯ ವೀಸಾ

ಕೈಲಾಸ–ಮಾನಸ ಸರೋವರಕ್ಕೆ ಹೊರಟ ಭಾರತೀಯರಿಗೆ ಮುಖ್ಯವಾಗಿ ಎರಡು ದಾರಿ. ಒಂದು ವಿದೇಶಾಂಗ ಸಚಿವಾಲಯದ್ದು. 2020ರಲ್ಲಿ ನಿಂತ ಆ ಯಾತ್ರೆ 2025ರಲ್ಲಿ ಮತ್ತೆ ಶುರುವಾದಾಗ ಲಿಪುಲೇಖ್ ಕಡೆಯಿಂದ 5, ನಾಥು ಲಾ ಕಡೆಯಿಂದ 10 ತಂಡ. ತಂಡಕ್ಕೆ 50 ಜನರಂತೆ ಒಟ್ಟು 750 ಸೀಟು. ಅದೂ ಕಂಪ್ಯೂಟರ್ ಲಾಟರಿಯಲ್ಲಿ. ಅಲ್ಲಿ ಹೆಸರು ಬರದವರು ಹಿಡಿಯುವುದು ಕಠ್ಮಂಡುವಿನ ಏಜೆಂಟರ ದಾರಿ. ನಮ್ಮ ತಂಡದ ಕಾಗದಪತ್ರ ನಾನು ನೋಡಿಕೊಂಡದ್ದು ಈ ದಾರಿಯಲ್ಲೇ.

ಇಲ್ಲಿ ಒಬ್ಬೊಬ್ಬರ ಪಾಸ್‌ಪೋರ್ಟಿಗೂ ಬೇರೆ ಬೇರೆ ವೀಸಾ ಅಂಟಿಸುವುದಿಲ್ಲ. ಎಲ್ಲರ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್ ಸಾಲಾಗಿ ಬರೆದ ಗ್ರೂಪ್ ವೀಸಾ ಬರುತ್ತದೆ. ಗಡಿಯಲ್ಲಿ ಯಾತ್ರಿಗಳು ನಿಲ್ಲಬೇಕಾದದ್ದೂ ಅದರ ಕ್ರಮಸಂಖ್ಯೆಯಂತೆಯೇ; ಗಂಡ ಮೂರನೆಯವನು, ಹೆಂಡತಿ ಹದಿನೇಳನೆಯವಳು ಎಂದಿದ್ದರೆ ಹಾಗೇ. ಇದಕ್ಕೂ ಮೊದಲು ಟಿಬೆಟ್ ಪರ್ಮಿಟ್ ಆಗಬೇಕು. ಅದಕ್ಕೆ ಊರಿನಿಂದಲೇ ಸ್ಕ್ಯಾನ್ ಪ್ರತಿ ಕಳಿಸುತ್ತಾರೆ. ಮೂಲ ಪಾಸ್‌ಪೋರ್ಟ್ ಚೀನಾ ರಾಯಭಾರ ಕಚೇರಿ ಕಾಣುವುದು ಆಮೇಲೆ, ಕಠ್ಮಂಡುವಿನಲ್ಲಿ. ಎಡವಟ್ಟು ಹುಟ್ಟುವುದು ಈ ನಡುವಿನ ವಾರಗಳಲ್ಲಿ.

ನಮ್ಮಲ್ಲೊಬ್ಬ ನಿವೃತ್ತ ಮೇಷ್ಟ್ರು ಪರ್ಮಿಟ್ಟಿಗೆ ಪಟ್ಟಿ ಹೋದ ಮೇಲೆ ಪಾಸ್‌ಪೋರ್ಟ್ ನವೀಕರಿಸಿದರು. ಅವಧಿ ಆರು ತಿಂಗಳಿಗಿಂತ ಕಡಿಮೆ ಉಳಿದಿದೆ ಎಂದು ಮಗ ಹೆದರಿಸಿದ್ದ. ಅವನ ಮಾತೂ ಸರಿಯೇ. ಆದರೆ ನವೀಕರಿಸಿದರೆ ನಂಬರೇ ಬದಲಾಗುತ್ತದೆ. ಜೊತೆಗೆ, ಹಳೆಯದರಲ್ಲಿ ಸರ್‌ನೇಮ್ ಜಾಗ ಖಾಲಿಯಿತ್ತು, ಊರು ಮತ್ತು ತಂದೆಯ ಹೆಸರಿನ ಇನಿಷಿಯಲ್ಲುಗಳನ್ನು ಹೆಸರಿನೊಳಗೇ ಬಿಡಿಸಿ ಬರೆಯಲಾಗಿತ್ತು. ಹೊಸದರಲ್ಲಿ ತಂದೆಯ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿತ್ತು. ಮೇಷ್ಟ್ರ ಕಣ್ಣಿಗೆ ಎರಡೂ ಒಂದೇ. ಕಠ್ಮಂಡುವಿನ ಏಜೆಂಟ್ ಮಾತ್ರ ಪುಸ್ತಕ ತೆರೆದವನೇ ತಲೆ ಮೇಲೆ ಕೈ ಹೊತ್ತ.

ಪರ್ಮಿಟ್ಟಿನ ಪಟ್ಟಿ ತಿದ್ದಿ ಬರುವವರೆಗೆ ಇಡೀ ತಂಡ ಹೋಟೆಲಿನಲ್ಲಿ. ಪಶುಪತಿನಾಥನ ದರ್ಶನ ಎರಡೆರಡು ಸಲವಾಯಿತು. ವಾಪಸು ವಿಮಾನದ ಟಿಕೆಟ್ ಬದಲಿಸುವ ದುಡ್ಡು ಯಾರದು ಎಂಬ ಜಗಳವೂ ನಡೆಯಿತು.

ಅಲ್ಲಿಂದೀಚೆಗೆ ಪಟ್ಟಿಯನ್ನು ಆಧಾರ್ ನೋಡಿಯಾಗಲಿ, ಫೋನಿನಲ್ಲಿ ಕೇಳಿಯಾಗಲಿ ಬರೆಯುವುದಿಲ್ಲ. ಪಾಸ್‌ಪೋರ್ಟಿನ ಫೋಟೋ ಪುಟದಲ್ಲಿ ಇದ್ದದ್ದು ಇದ್ದ ಹಾಗೆ, ಸರ್‌ನೇಮ್ ಖಾಲಿಯಿದ್ದರೆ ಖಾಲಿಯೆಂದೇ. ವಿಮಾನದ ಟಿಕೆಟ್ಟಿನಲ್ಲೂ ಹೆಸರಿನ ಅಕ್ಷರಗಳು ಅದರಂತೆಯೇ. ಅವಧಿ ಕಡಿಮೆಯಿರುವವರು ಮೊದಲು ನವೀಕರಿಸಿ, ಆಮೇಲೆ ಹೆಸರು ಕೊಡಬೇಕು. ಕಠ್ಮಂಡುವಿಗೆ ಹೊರಡುವ ಮುನ್ನ ಪ್ರತಿಯೊಬ್ಬರೂ ಕೈಯಲ್ಲಿರುವ ಪುಸ್ತಕದ ಫೋಟೋವನ್ನು ಮತ್ತೊಮ್ಮೆ ಕಳಿಸುತ್ತಾರೆ. ಹಳೆಯ ಸ್ಕ್ಯಾನ್ ಪಕ್ಕ ಇಟ್ಟು ನಂಬರ್ ತಾಳೆ ನೋಡುವುದು ನನ್ನ ಕೆಲಸ.

ಇಷ್ಟಾದರೂ ಕಾಯಿಲೆಗೆ ಯಾವ ತಾಳೆಯೂ ಇಲ್ಲ. ಡೋಲ್ಮಾ ಲಾ ಕಣಿವೆ 5,600 ಮೀಟರಿಗೂ ಮೇಲೆ. ಉಸಿರು ಕಟ್ಟಿದವರು ಪರಿಕ್ರಮ ಬಿಟ್ಟು ದಾರ್ಚೆನ್‌ನಲ್ಲಿ ಉಳಿದು ತಂಡಕ್ಕಾಗಿ ಕಾಯಬಹುದು. ಒಬ್ಬರೇ ನೇಪಾಳಕ್ಕೆ ಇಳಿಯಬೇಕೆಂದರೆ ಮಾತ್ರ, ಒಂದೇ ಹಾಳೆಯ ವೀಸಾದಿಂದ ಅವರ ಹೆಸರು ಬೇರೆ ಮಾಡಿಸಬೇಕು. ಆ ಓಡಾಟ ಮಾಡಬೇಕಾದವನು ಟಿಬೆಟ್ ಕಡೆಯ ಗೈಡ್. ಅವನ ನಂಬರ್ ಎಲ್ಲರ ಜೇಬಿನಲ್ಲೂ ಇರಬೇಕು.