ಬೋನಸ್ಸಿನ ಅಂಕಿಯ ಪಕ್ಕದಲ್ಲೇ ಬರೆಯಬೇಕಾದ ಮಾತು

ವಿಮಾ ಏಜೆಂಟರು ಪಾಲಿಸಿಯೊಂದರ ಬಗ್ಗೆ ನಾಲ್ಕು ಸಾಲು ಬರೆದು ಚಿತ್ರದ ಕೆಳಗೆ ಹಾಕಿ ಊರವರಿಗೆ ಕಳಿಸುವಾಗ, ‘ಬೋನಸ್ ಖಾತರಿಯಲ್ಲ’ ಎಂಬ ಮಾತು ಸಾಮಾನ್ಯವಾಗಿ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಹೆಚ್ಚಾಗಿ ಇಂಗ್ಲಿಷಿನಲ್ಲಿ ಕೂತಿರುತ್ತದೆ. ಮೇಲೆ ದಪ್ಪ ಅಕ್ಷರದಲ್ಲಿ ‘5 ಲಕ್ಷ ಕಟ್ಟಿ, 9 ಲಕ್ಷ ಪಡೆಯಿರಿ’ ಎಂದಿರುತ್ತದೆ. ಹಿಪ್ಪರಗಿಯ ಕಬ್ಬಿನ ರೈತರಿಗೂ ರಬಕವಿ-ಬನಹಟ್ಟಿಯ ಮಗ್ಗದವರಿಗೂ ಪಾಲಿಸಿ ವಿವರಿಸುವ ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಆ ಎಚ್ಚರಿಕೆಯ ಮಾತು ಕಾನೂನಿಗಾಗಿ ಅಂಟಿಸುವ ಬಾಲವಲ್ಲ, ಪಾಲಿಸಿಯ ವಿವರಣೆಯ ಅರ್ಧಭಾಗವೇ ಅದು. ಅದನ್ನು ಅಂಕಿಯ ಪಕ್ಕದಲ್ಲೇ, ಅಂಕಿಯಷ್ಟೇ ದೊಡ್ಡದಾಗಿ, ಕನ್ನಡದಲ್ಲಿ ಬರೆಯಬೇಕು. ಹಾಗೆ ಬರೆಯದಿದ್ದರೆ ಗ್ರಾಹಕ ಕೊಳ್ಳುವುದು ಒಂದು ವಸ್ತು, ಕಂಪನಿ ಕೊಡುವುದು ಇನ್ನೊಂದು ವಸ್ತು ಎಂದಾಗುತ್ತದೆ.

ಲೆಕ್ಕ ಮಾಡಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ತಿಳಿಯಲು ಸುಲಭವಾಗಲೆಂದು ದುಂಡು ಅಂಕಿಗಳನ್ನೇ ತೆಗೆದುಕೊಳ್ಳುತ್ತೇನೆ. ಬೋನಸ್ ಇರುವ ಎಂಡೋಮೆಂಟ್ ಪಾಲಿಸಿ, ವಿಮಾ ಮೊತ್ತ 5 ಲಕ್ಷ, ಅವಧಿ 20 ವರ್ಷ, ವರ್ಷಕ್ಕೆ 25,000 ರೂಪಾಯಿ ಕಂತು. 20 ವರ್ಷಕ್ಕೆ ಕಟ್ಟುವುದು ಒಟ್ಟು 5 ಲಕ್ಷ. ಅವಧಿ ಮುಗಿದಾಗ ಕಂಪನಿ ಖಂಡಿತ ಕೊಡುತ್ತೇನೆ ಎನ್ನುವುದೂ ಅದೇ 5 ಲಕ್ಷ. ಮೇಲಿನ 4 ಲಕ್ಷ ಎಲ್ಲಿಂದ ಬಂತು? ಸಾವಿರ ರೂಪಾಯಿ ವಿಮಾ ಮೊತ್ತಕ್ಕೆ ವರ್ಷಕ್ಕೆ 40 ರೂಪಾಯಿ ಬೋನಸ್ ಇಪ್ಪತ್ತೂ ವರ್ಷ ಬರುತ್ತದೆ ಎಂಬ ಊಹೆಯಿಂದ ಬಂತು. ಅದೇ ದರ 30ಕ್ಕೆ ಇಳಿದರೆ ಕೈಗೆ ಬರುವುದು 8 ಲಕ್ಷ. ಇನ್ನು, 5 ಲಕ್ಷಕ್ಕೆ 9 ಲಕ್ಷ ಎಂದರೆ ದುಡ್ಡು ಹೆಚ್ಚುಕಡಿಮೆ ಇಮ್ಮಡಿಯಾದಂತೆ ಕೇಳಿಸುತ್ತದೆ. ಆದರೆ ಆ ಹಣ 20 ವರ್ಷ ಕಂತುಕಂತಾಗಿ ಹೋಗಿದೆ. ಕಾಲವನ್ನು ಲೆಕ್ಕಕ್ಕೆ ಹಿಡಿದರೆ 9 ಲಕ್ಷ ಬಂದಾಗ ಸಿಗುವ ಪ್ರತಿಫಲ ವರ್ಷಕ್ಕೆ ಸುಮಾರು ಶೇ. 5.3, 8 ಲಕ್ಷ ಬಂದಾಗ ಸುಮಾರು ಶೇ. 4.3. ದಪ್ಪ ಅಕ್ಷರದ ಒಂದು ಸಾಲು ಮುಚ್ಚಿಟ್ಟಿದ್ದು ಇದನ್ನೇ.

ಇಲ್ಲಿ ಎಲ್ಲರೂ ಎತ್ತುವ ಆಕ್ಷೇಪ ಒಂದಿದೆ, ಅದು ಗಟ್ಟಿಯಾದದ್ದೂ ಹೌದು. ‘ಎಲ್‌ಐಸಿಗೆ ಸರ್ಕಾರದ ಖಾತರಿ ಇದೆಯಲ್ಲ, ಮತ್ತೆ ಬೋನಸ್ ಹೇಗೆ ಖಾತರಿಯಲ್ಲ?’ 1956ರ ಜೀವ ವಿಮಾ ನಿಗಮ ಕಾಯ್ದೆಯ 37ನೇ ಕಲಮು ನಿಜಕ್ಕೂ ಅಂಥ ಖಾತರಿ ಕೊಡುತ್ತದೆ. ಆದರೆ ಅದು ವಿಮಾ ಮೊತ್ತಕ್ಕೆ ಮತ್ತು ಘೋಷಣೆಯಾದ ಬೋನಸ್ಸಿಗೆ ಮಾತ್ರ. ಕಳೆದ ವರ್ಷ ಘೋಷಿಸಿ ನಿಮ್ಮ ಪಾಲಿಸಿಗೆ ಸೇರಿಸಿದ ಬೋನಸ್ ಗಟ್ಟಿ, ಮುಂದಿನ ವರ್ಷ ಎಷ್ಟು ಘೋಷಿಸುತ್ತಾರೆ ಎಂಬುದು ಗಟ್ಟಿಯಲ್ಲ. ನಿಗಮ ವರ್ಷಕ್ಕೊಮ್ಮೆ ತನ್ನ ಆಸ್ತಿ-ಹೊಣೆಗಳ ಮೌಲ್ಯ ಕಟ್ಟಿ, ಉಳಿದ ಹೆಚ್ಚುವರಿಯಲ್ಲಿ ಪಾಲಿಸಿದಾರರ ಪಾಲನ್ನು ಬೋನಸ್ಸಾಗಿ ಹಂಚುತ್ತದೆ. ಬಡ್ಡಿ ದರಗಳು ಇಳಿದ ಕಾಲದಲ್ಲಿ ಹೆಚ್ಚುವರಿಯೂ ಕುಗ್ಗುತ್ತದೆ. ಆದ್ದರಿಂದ ‘ಸರ್ಕಾರದ ಖಾತರಿ’ ಎಂಬ ಎರಡು ಪದವನ್ನು 9 ಲಕ್ಷದ ಕೆಳಗೆ ಬರೆಯುವುದು ತಪ್ಪು. 5 ಲಕ್ಷದ ಕೆಳಗೆ ಬರೆದರೆ ಅದು ಸತ್ಯ.

ಇನ್ನೊಂದು ಗೊಂದಲ ಶೇ. 4 ಮತ್ತು ಶೇ. 8ರದು. ಬೋನಸ್ ಪಾಲಿಸಿಯಾಗಲಿ, ಯುಲಿಪ್ ಆಗಲಿ, ಕೊಳ್ಳುವ ಮೊದಲು ಗ್ರಾಹಕರ ಸಹಿಗೆ ಕೊಡುವ ಬೆನಿಫಿಟ್ ಇಲಸ್ಟ್ರೇಷನ್ ಹಾಳೆಯಲ್ಲಿ ಈ ಎರಡು ದರಗಳ ಕೋಷ್ಟಕ ಇರುತ್ತದೆ. ಎಷ್ಟೋ ಏಜೆಂಟರು ‘ಕಡಿಮೆ ಅಂದರೂ 4, ಚಲೋ ಬಂದರೆ 8’ ಎಂದು ವಿವರಿಸುತ್ತಾರೆ. ಎರಡು ಕಡೆಯಿಂದಲೂ ಇದು ತಪ್ಪು. ಅವು ಕನಿಷ್ಠ-ಗರಿಷ್ಠ ಮಿತಿಗಳಲ್ಲ. ಕಂಪನಿಯ ಹೂಡಿಕೆ ಇಷ್ಟು ಗಳಿಸಿದರೆ ಎಂಬ ಎರಡು ಊಹೆಗಳು. ಮೇಲಾಗಿ ಅದು ನಿಧಿಯ ಗಳಿಕೆಯ ದರ. ಖರ್ಚು, ಕಮಿಷನ್, ಸಾವಿನ ರಕ್ಷಣೆಯ ವೆಚ್ಚ ಎಲ್ಲ ಕಳೆದು ನಿಮಗೆ ಮುಟ್ಟುವುದು ಅದಕ್ಕಿಂತ ಕಡಿಮೆ. ಯುಲಿಪ್ ಆದರೆ ಹೂಡಿಕೆಯ ಅಪಾಯ ಪೂರ್ತಿ ಗ್ರಾಹಕರದ್ದು, ಮೊದಲ 5 ವರ್ಷ ಹಣ ತೆಗೆಯಲು ಬರುವುದಿಲ್ಲ. ಆ ಎರಡು ಮಾತನ್ನೂ ಬರೆಯದೆ ಯುಲಿಪ್ ಬಗ್ಗೆ ಒಂದಕ್ಷರ ಬರೆಯಬಾರದು.

‘ಹೀಗೆಲ್ಲ ಬರೆದರೆ ಪಾಲಿಸಿ ಯಾರು ಮಾಡಿಸುತ್ತಾರೆ?’ ಎಂದು ಇದೇ ವೃತ್ತಿಯವರು ಕೇಳುತ್ತಾರೆ. ನನ್ನ ಉತ್ತರ ನಮ್ಮ ನೆಲದ ಸ್ಥಿತಿಯಿಂದಲೇ ಬರುತ್ತದೆ. ಕಬ್ಬು ಕಾರ್ಖಾನೆಗೆ ಮುಟ್ಟಿದ 14 ದಿನದೊಳಗೆ ಬಿಲ್ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ, ಆದರೂ ಬಾಕಿ ಉಳಿಯುವುದು ರೈತರಿಗೆ ಹೊಸದಲ್ಲ. 2019ರಂತೆ ಕೃಷ್ಣೆ ಉಕ್ಕಿದ ವರ್ಷ ಬೆಳೆಯೇ ನೀರುಪಾಲು. ವಾರ್ಷಿಕ ಕಂತಿಗೆ ರಿಯಾಯಿತಿ ಅವಧಿ 30 ದಿನ ಮಾತ್ರ. ಅದು ದಾಟಿದರೆ ಪಾಲಿಸಿ ಲ್ಯಾಪ್ಸ್. ಸಾವಿನ ರಕ್ಷಣೆ ನಿಲ್ಲುತ್ತದೆ ಅಥವಾ ತಗ್ಗಿದ ಮೊತ್ತಕ್ಕೆ ಇಳಿಯುತ್ತದೆ. 2024ರ ಅಕ್ಟೋಬರ್‌ನಿಂದ ಬಂದ ನಿಯಮದಲ್ಲಿ ಒಂದು ವರ್ಷ ಪೂರ್ತಿ ಕಟ್ಟಿದವರಿಗೂ ಸರೆಂಡರ್ ಹಣ ಸಿಗುತ್ತದೆ, ಆದರೆ ಮೊದಲ ವರ್ಷಗಳಲ್ಲಿ ಅದು ಕಟ್ಟಿದ್ದಕ್ಕಿಂತ ಕಡಿಮೆಯೇ. 9 ಲಕ್ಷದ ಆಸೆಗೆ ಸೇರಿದವರು ಬಿಲ್ ತಡವಾದ ಮೊದಲ ವರ್ಷವೇ ಕೈಬಿಡುತ್ತಾರೆ. ‘ಮೂರನೇ ವರ್ಷ ನಾನು ತೀರಿಕೊಂಡರೂ ಮನೆಯವರಿಗೆ 5 ಲಕ್ಷ ಮತ್ತು ಅಲ್ಲಿಯವರೆಗಿನ ಬೋನಸ್ ಬರುತ್ತದೆ’ ಎಂದು ತಿಳಿದು ಸೇರಿದವರಿಗೆ ಕಂತನ್ನು ಉಳಿಸಿಕೊಳ್ಳಲು ಕಾರಣ ಇರುತ್ತದೆ. ಕಬ್ಬಿನ ಬಿಲ್ ಕೈಸೇರುವ ತಿಂಗಳಿಗೆ ಕಂತಿನ ದಿನಾಂಕ ಬರುವಂತೆ ಪಾಲಿಸಿ ಶುರು ಮಾಡಿಸಿದರೆ ಇನ್ನೂ ಒಳ್ಳೆಯದು. ನಂತರದ ವರ್ಷಗಳ ಕಮಿಷನ್ ಕಂತು ಬಂದರೆ ಮಾತ್ರ ಬರುವಂಥದ್ದು, ಹಾಗಾಗಿ ಏಜೆಂಟರ ಲಾಭವೂ ಇದರಲ್ಲೇ ಇದೆ.

ಹಾಗಾದರೆ ನಾಲ್ಕು ಸಾಲಿನಲ್ಲಿ ಬರೆಯುವುದೇನು? ನಾನು ಹೀಗೆ ಬರೆಯುತ್ತೇನೆ: ‘ವರ್ಷಕ್ಕೆ 25,000, 20 ವರ್ಷ. ನಡುವೆ ಸಾವು ಸಂಭವಿಸಿದರೆ ನಾಮಿನಿಗೆ 5 ಲಕ್ಷ ಮತ್ತು ಅಲ್ಲಿಯವರೆಗೆ ಘೋಷಣೆಯಾದ ಬೋನಸ್. ಅವಧಿ ಮುಗಿದರೆ 5 ಲಕ್ಷ ಖಚಿತ. ಮುಂದಿನ ಬೋನಸ್ ಖಚಿತವಲ್ಲ. ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ಕಾಯಿಲೆ ಇದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ. ಅಪಾಯಗಳು ಮತ್ತು ಷರತ್ತುಗಳಿಗೆ ಮಾರಾಟ ಕೈಪಿಡಿ ಓದಿ ಸಹಿ ಮಾಡಿ.’ ಇದರ ಜೊತೆ ಕಂಪನಿಯ ಹೆಸರು, ಪಾಲಿಸಿಯ ಪೂರ್ತಿ ಹೆಸರು, ಅದರ ಯುಐಎನ್ ಸಂಖ್ಯೆ. ಏಜೆಂಟರು ಸ್ವಂತವಾಗಿ ಬರೆದದ್ದೂ ಕಾನೂನಿನ ಕಣ್ಣಿಗೆ ಜಾಹೀರಾತೇ, ಆದ್ದರಿಂದ ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಹೊರಗೆ ಬಿಡುವಂತಿಲ್ಲ. ‘ಮೊದಲ ಕಂತು ನಾನೇ ಕಟ್ಟುತ್ತೇನೆ’ ಎಂದು ಸೇರಿಸುವವರಿದ್ದಾರೆ. ಅದು 1938ರ ವಿಮಾ ಕಾಯ್ದೆಯ 41ನೇ ಕಲಮಿನಡಿ ನಿಷಿದ್ಧ, ದಂಡ 10 ಲಕ್ಷ ರೂಪಾಯಿಯವರೆಗೆ.

ದಪ್ಪ ಅಕ್ಷರ ನೋಡಿ ಈಗಾಗಲೇ ಸಹಿ ಮಾಡಿದವರಿಗೂ ದಾರಿಯಿದೆ. ಪಾಲಿಸಿ ಪತ್ರ ಕೈಸೇರಿದ 30 ದಿನದೊಳಗೆ ‘ಇದು ಬೇಡ’ ಎಂದು ಕಾರಣ ಬರೆದು ಕಂಪನಿಗೆ ಮರಳಿಸಬಹುದು. ಅಷ್ಟು ದಿನದ ರಕ್ಷಣೆಯ ವೆಚ್ಚ, ವೈದ್ಯಕೀಯ ತಪಾಸಣೆ ಆಗಿದ್ದರೆ ಅದರ ಖರ್ಚು, ಸ್ಟಾಂಪ್ ಶುಲ್ಕ ಇವಿಷ್ಟನ್ನು ಹಿಡಿದುಕೊಂಡು ಉಳಿದ ಹಣವನ್ನು ಕಂಪನಿ ವಾಪಸ್ ಕೊಡಬೇಕು. ಪತ್ರ ಬಂದ ದಿನ ಲಕೋಟೆಯ ಮೇಲೆ ತಾರೀಖು ಬರೆದಿಟ್ಟು, ಏಜೆಂಟರು ಕಳಿಸಿದ ಆ ನಾಲ್ಕು ಸಾಲನ್ನು ಅಳಿಸದೆ ಇಟ್ಟುಕೊಂಡು, ಎರಡನ್ನೂ ಪಕ್ಕದಲ್ಲಿಟ್ಟು ಓದಬೇಕು. ಅಂಕಿಗಳು ಹೊಂದದಿದ್ದರೆ ಮೊದಲು ಕಂಪನಿಗೆ ಲಿಖಿತ ದೂರು. ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಅದಕ್ಕೆ ಶುಲ್ಕವೂ ಇಲ್ಲ, ವಕೀಲರೂ ಬೇಡ.