ಇ-ಮೇಲ್‌ನಲ್ಲಿ ಯಾವುದು, ರೆಸ್ಯೂಮೆಯಲ್ಲಿ ಯಾವುದು: ಒಂದು ಸೂಕ್ಷ್ಮ ಬೋಧನೆ

ಸೂಕ್ಷ್ಮ ಬೋಧನೆಗೆ ನಾನು ಆರಿಸಿಕೊಂಡದ್ದು ಸಹಪಾಠಿಯೊಬ್ಬಳ ನಿಜವಾದ ಅರ್ಜಿಯನ್ನೇ. ಅವಳು ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪದವಳು. ನ್ಯಾಮತಿ ತಾಲ್ಲೂಕಿನ ಖಾಸಗಿ ಶಾಲೆಯೊಂದಕ್ಕೆ 6ರಿಂದ 8ನೇ ತರಗತಿಯ ವಿಜ್ಞಾನ ಶಿಕ್ಷಕರು ಬೇಕಾಗಿದ್ದರು. ಅಲ್ಲಿ ಸುತ್ತಲಿನ ತಾಂಡಾಗಳ ಮಕ್ಕಳೇ ಹೆಚ್ಚು.

ಅವಳ ಮೊದಲ ಕರಡಿನಲ್ಲಿ ತಂದೆಯ ಹೆಸರು, ಜನ್ಮದಿನಾಂಕ, ಎಸ್ಸೆಸ್ಸೆಲ್ಸಿ ಅಂಕ, ಹವ್ಯಾಸ ಎಲ್ಲವೂ ಇ-ಮೇಲ್‌ನಲ್ಲೇ ಇದ್ದವು. ಉದ್ದವಾಯಿತೆಂದು ಅಳಿಸಿ, ಎರಡನೆಯದರಲ್ಲಿ ‘ರೆಸ್ಯೂಮೆ ಲಗತ್ತಿಸಿದೆ, ದಯವಿಟ್ಟು ನೋಡಿ’ ಎಂದಷ್ಟೇ ಬರೆದಳು. ಮುಖ್ಯೋಪಾಧ್ಯಾಯರು ಮೊಬೈಲಿನಲ್ಲಿ ನೋಡುತ್ತಾರೆ, ಲಗತ್ತನ್ನು ಇನ್ನೂ ತೆರೆದಿಲ್ಲ ಎಂದುಕೊಳ್ಳೋಣ. ಮೊದಲನೆಯದರಲ್ಲಿ ಬೇಕಾದದ್ದು ಹುದುಗಿಹೋಗಿದೆ, ಎರಡನೆಯದರಲ್ಲಿ ಯಾವ ಹುದ್ದೆ ಎಂಬುದೇ ಇಲ್ಲ.

ಮೊದಲ ಕರಡಿನ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ತರಗತಿಗೆ ಹಂಚಿ, ಪ್ರತಿ ಚೀಟಿಗೂ ಒಂದೇ ಪ್ರಶ್ನೆ ಕೇಳಿಸಿದೆ: ಬೇರೆ ಶಾಲೆಗೆ ಕಳಿಸಿದರೂ ಈ ವಾಕ್ಯ ಹೀಗೇ ಇರುತ್ತದೆಯೇ? ಹೀಗೇ ಇರುವುದಾದರೆ ಅದರ ಜಾಗ ರೆಸ್ಯೂಮೆ. ಅಂಕಗಳು, ವಿಳಾಸ, ಕಂಪ್ಯೂಟರ್ ಕೋರ್ಸು ಅತ್ತ ಹೋದವು.

ಗದ್ದಲವಾದದ್ದು ‘ಲಂಬಾಣಿ ಮಾತು ಬರುತ್ತದೆ’ ಎಂಬ ಚೀಟಿಗೆ. ಅದು ರೆಸ್ಯೂಮೆಯ ಭಾಷೆಗಳ ಸಾಲಿನಲ್ಲಿದೆಯಲ್ಲ, ಮತ್ತೆ ಯಾಕೆ ಎಂದರು ಹಲವರು. ಸಾಲಿನಲ್ಲಿ ಅದು ಒಂದು ಪದ ಮಾತ್ರ. ಈ ಶಾಲೆಗೆ ಅದರಿಂದ ಏನು ಉಪಯೋಗ ಎಂಬುದನ್ನು ಇ-ಮೇಲ್ ಹೇಳಬೇಕು. ದಾವಣಗೆರೆ ಪೇಟೆಯ ಶಾಲೆಗಾದರೆ ಅದೇ ವಾಕ್ಯವನ್ನು ಬಿಡಬಹುದು.

ನನ್ನ ಪ್ರಶ್ನೆಯೇ ಸೋತದ್ದು ಟಿಇಟಿ ಮತ್ತು ಬಿ.ಇಡಿ. ಫಲಿತಾಂಶದ ಚೀಟಿಗಳಲ್ಲಿ. ಎರಡೂ ಎಲ್ಲಿಗೆ ಕಳಿಸಿದರೂ ಬದಲಾಗವು. ಆದರೆ 6–8ನೇ ತರಗತಿಗೆ ಬೇಕಾದದ್ದು ಟಿಇಟಿ ಪತ್ರಿಕೆ-2, ಅದಿಲ್ಲದೆ ಓದುವವರು ಮುಂದೆ ಹೋಗಲಾರರು. ರೆಸ್ಯೂಮೆಯಲ್ಲಿ ನಾಲ್ಕನೇ ಸೆಮಿಸ್ಟರಿನ ಅಂಕದ ಜಾಗ ಖಾಲಿ ಕಂಡರೆ ಅನುತ್ತೀರ್ಣಳೆಂದು ತಿಳಿಯಬಹುದು. ಹಾಗಾಗಿ ಅರ್ಹತೆಯನ್ನು ತೀರ್ಮಾನಿಸುವುದೂ ತಪ್ಪು ತಿಳಿವಳಿಕೆ ತಪ್ಪಿಸುವುದೂ ಇ-ಮೇಲ್‌ಗೇ ಸೇರಬೇಕೆಂದು ತಿದ್ದಿಕೊಂಡೆ.

ಕೊನೆಗೆ ಉಳಿದದ್ದು ಇಷ್ಟು:

‘ಮಾನ್ಯರೇ, ನಿಮ್ಮ ಶಾಲೆಯ 6–8ನೇ ತರಗತಿ ವಿಜ್ಞಾನ ಶಿಕ್ಷಕರ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಬಿ.ಎಸ್ಸಿ. ಪದವೀಧರೆ, ಟಿಇಟಿ ಪತ್ರಿಕೆ-2ರಲ್ಲಿ ಅರ್ಹಳಾಗಿದ್ದೇನೆ. ಬಿ.ಇಡಿ. ಕೊನೆಯ ಸೆಮಿಸ್ಟರ್ ಪರೀಕ್ಷೆ ಬರೆದಿದ್ದು, ಫಲಿತಾಂಶ ಬರಬೇಕಿದೆ. ನನಗೆ ಲಂಬಾಣಿ ಮಾತು ಬರುತ್ತದೆ. ಅಭ್ಯಾಸ ಬೋಧನೆಯಲ್ಲಿ ಶಾಖದ ಪಾಠವನ್ನು ತಾಂಡಾದ ಮಕ್ಕಳಿಗೆ ಅವರ ಮಾತಿನಲ್ಲೇ ಪ್ರಶ್ನೆ ಕೇಳಿ ಆರಂಭಿಸಿದ್ದೆ. ಜೂನ್ ಮೊದಲ ವಾರದಿಂದ ಕೆಲಸಕ್ಕೆ ಬರಬಲ್ಲೆ. ಅಂಕಗಳ ವಿವರ ಲಗತ್ತಿಸಿದ ರೆಸ್ಯೂಮೆಯಲ್ಲಿದೆ.’

ವೀಕ್ಷಿಸುತ್ತಿದ್ದ ಮೇಡಂ ಒಂದು ತಪ್ಪು ಹಿಡಿದರು. ಪದವಿಯ ಅಂಕ ಮೊದಲ ಕರಡಿನಲ್ಲಿ ಶೇ 68, ರೆಸ್ಯೂಮೆಯಲ್ಲಿ ಶೇ 67.6 ಇತ್ತು. ಎರಡು ಕಡೆ ಬರೆದದ್ದನ್ನು ಎರಡು ಕಡೆಯೂ ತಿದ್ದಬೇಕಾಗುತ್ತದೆ ಎಂಬ ಕಾರಣ ನನ್ನ ಪಾಠ ಯೋಜನೆಯಲ್ಲಿರಲಿಲ್ಲ. ಮರುಬೋಧನೆಯನ್ನು ಆ ಎರಡು ಅಂಕಿಗಳಿಂದಲೇ ಆರಂಭಿಸಿದೆ.